ಸನ್ 18, ರಿಂಗ್ 72: ಆದರೂ ರೇಷಿಯೋ ನಾಲ್ಕಲ್ಲ

"ಸಾರ್, ಹಬ್ ಬಿಚ್ಚಿ ಎಣಿಸಿದ್ವಿ. ಸನ್‌ಗೆ 18 ಹಲ್ಲು, ರಿಂಗ್‌ಗೆ 72. ಹಂಗಾದ್ರೆ ನಾಲ್ಕು ಸುತ್ತಿಗೆ ಒಂದು ಸುತ್ತು ತಾನೆ? ಕ್ಯಾರಿಯರ್‌ಗೆ ಹಲ್ಲೇ ಇಲ್ವಲ್ಲ, ಅದನ್ನ ಹೆಂಗೆ ಲೆಕ್ಕಕ್ಕೆ ಹಿಡಿಯೋದು? ಇಷ್ಟು ಪುಟ್ಟ ಗೇರು ಅಷ್ಟು ಲೋಡ್ ಹೆಂಗೆ ತಡೀತದೆ?"

ಐದು ಸುತ್ತಿಗೆ ಒಂದು. ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜಿನಿಂದ ಮೂಡಿಗೆರೆ ತೋಟದ ಶೆಡ್ಡಿನವರೆಗೆ ಎಲ್ಲರೂ ಎಡವುವುದು ಈ ಒಂದು ಸುತ್ತಿನಲ್ಲೇ. ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಬ್‌ನಲ್ಲಿ ಇರುವುದು ಪ್ಲಾನೆಟರಿ ಗೇರ್ ಸೆಟ್: ನಡುವೆ ಸನ್, ಅದರ ಸುತ್ತ ಕಚ್ಚಿಕೊಂಡ ಪ್ಲಾನೆಟ್ ಗೇರುಗಳು, ಅವನ್ನು ಪಿನ್ ಮೇಲೆ ಹೊತ್ತ ಕ್ಯಾರಿಯರ್, ಎಲ್ಲದರ ಹೊರಗೆ ಒಳಹಲ್ಲಿನ ರಿಂಗ್. ಇದರಲ್ಲಿ ರಿಂಗ್ ಗೇರು ಹೌಸಿಂಗ್‌ಗೆ ಕಚ್ಚಿಕೊಂಡು ನಿಂತಿರುತ್ತದೆ, ಆಕ್ಸಲ್ ಶಾಫ್ಟ್ ಸನ್ ಅನ್ನು ತಿರುಗಿಸುತ್ತದೆ, ಚಕ್ರ ತಿರುಗುವುದು ಕ್ಯಾರಿಯರ್‌ನಿಂದ. ಈ ಜೋಡಣೆಗೆ ರಿಂಗ್‌ನ ಹಲ್ಲನ್ನು ಸನ್‌ನ ಹಲ್ಲಿನಿಂದ ಭಾಗಿಸಿ ಒಂದು ಕೂಡಬೇಕು: 72 ಭಾಗಿಸು 18 ನಾಲ್ಕು, ಅದಕ್ಕೆ ಒಂದು ಸೇರಿ ಐದು.

ಆ ಒಂದು ಎಲ್ಲಿಂದ ಬಂತು ಎಂಬುದನ್ನು ಬಿಚ್ಚಿಟ್ಟ ಗೇರುಗಳಲ್ಲೇ ನೋಡಬಹುದು. ಮೊದಲು ಸನ್, ರಿಂಗ್, ಕ್ಯಾರಿಯರ್ ಮೂರನ್ನೂ ಒಟ್ಟಿಗೆ ಹಿಡಿದು, ಇಡೀ ಗಂಟನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿ. ಎಲ್ಲವೂ ಒಂದೊಂದು ಸುತ್ತು ಹೋದವು. ಆದರೆ ರಿಂಗ್ ಅಲ್ಲಾಡಬಾರದಿತ್ತು. ಹಾಗಾಗಿ ಈಗ ಕ್ಯಾರಿಯರ್ ಅನ್ನು ಬಿಗಿಯಾಗಿ ಹಿಡಿದು, ರಿಂಗ್ ಒಂದನ್ನೇ ಎಡಕ್ಕೆ ಒಂದು ಸುತ್ತು ಹಿಂದಕ್ಕೆ ತನ್ನಿ. ನಡುವೆ ಪ್ಲಾನೆಟ್ ಇರುವುದರಿಂದ ಸನ್ ಅದಕ್ಕೆ ವಿರುದ್ಧವಾಗಿ, ಬಲಕ್ಕೆ ನಾಲ್ಕು ಸುತ್ತು ಓಡುತ್ತದೆ. ಈಗ ಲೆಕ್ಕ ಕೂಡಿ: ರಿಂಗ್ ಇದ್ದಲ್ಲೇ ಇದೆ, ಕ್ಯಾರಿಯರ್ ಒಂದು ಸುತ್ತು, ಸನ್ ಐದು ಸುತ್ತು. ಕ್ಯಾರಿಯರ್ ತಾನೂ ತಿರುಗುತ್ತದಲ್ಲ, ಆ ತಿರುಗಾಟವೇ ಹೆಚ್ಚಿನ ಒಂದು. ಇದನ್ನೇ ಸೂತ್ರವಾಗಿ ಬರೆದರೆ ಹೀಗೆ:

```
Zs*Ns + Zr*Nr = (Zs + Zr)*Nc
```

Z ಅಂದರೆ ಹಲ್ಲು, N ಅಂದರೆ ಸುತ್ತು. s ಸನ್, r ರಿಂಗ್, c ಕ್ಯಾರಿಯರ್. ಬಲಗಡೆ ನೋಡಿ, ಹಲ್ಲಿಲ್ಲದ ಕ್ಯಾರಿಯರ್‌ಗೆ ಲೆಕ್ಕದಲ್ಲಿ 18 ಮತ್ತು 72 ಸೇರಿ 90 ಹಲ್ಲು ಬಂತು. 90 ಹಲ್ಲಿನ ಗೇರು ಎಂದುಕೊಂಡರೆ ಆಯಿತು, ಯಾವ ಜೋಡಣೆಗೂ ತಪ್ಪುವುದಿಲ್ಲ. ಸನ್ ಅನ್ನು ಹಿಡಿದು ರಿಂಗ್ ತಿರುಗಿಸಿದರೆ 90 ಭಾಗಿಸು 72, ಒಂದೂಕಾಲು ಸುತ್ತಿಗೆ ಒಂದು. ಕ್ಯಾರಿಯರ್ ಅನ್ನೇ ಕಟ್ಟಿಹಾಕಿದಾಗ ಮಾತ್ರ ನಿಮ್ಮ ನಾಲ್ಕು ಸರಿ, ಆದರೆ ಆಗ ರಿಂಗ್ ಉಲ್ಟಾ ತಿರುಗುತ್ತದೆ.

ಪ್ಲಾನೆಟ್‌ನ ಹಲ್ಲು ರೇಷಿಯೋದಲ್ಲಿ ಬರುವುದೇ ಇಲ್ಲ. ಹಾಗಂತ ಎಷ್ಟು ಬೇಕಾದರೂ ಇರಬಹುದೆಂದಲ್ಲ. ಮಾಮೂಲಿ ಹಲ್ಲಿನ ಸೆಟ್‌ನಲ್ಲಿ ರಿಂಗ್‌ನ ಹಲ್ಲು ಅಂದರೆ ಸನ್‌ನ ಹಲ್ಲಿನ ಜೊತೆಗೆ ಒಂದು ಪ್ಲಾನೆಟ್‌ನ ಹಲ್ಲಿನ ಎರಡರಷ್ಟು, ಆದ್ದರಿಂದ ಇಲ್ಲಿ ಪ್ಲಾನೆಟ್‌ಗೆ 27. ಸಮ ಅಂತರದಲ್ಲಿ ಎಷ್ಟು ಪ್ಲಾನೆಟ್ ಕೂರುತ್ತವೆ ಎಂಬುದನ್ನೂ ಆ 90 ಹೇಳುತ್ತದೆ. ಮೂರರಿಂದ ಭಾಗವಾಗುತ್ತದೆ, ಮೂರು ಸಲೀಸಾಗಿ ಕೂರುತ್ತವೆ. ನಾಲ್ಕರಿಂದ ಭಾಗವಾಗುವುದಿಲ್ಲ, ಸರಿಯಾಗಿ 90 ಡಿಗ್ರಿಗೆ ಪಿನ್ ಹಾಕಿದರೆ ಎರಡನೆಯ ಪ್ಲಾನೆಟ್‌ನ ಹಲ್ಲು ಹಲ್ಲಿನ ಮೇಲೆಯೇ ಬಂದು ನಿಲ್ಲುತ್ತದೆ. ನಾಲ್ಕು ಬೇಕೇ ಬೇಕೆಂದರೆ ಪಿನ್‌ಗಳನ್ನು 88, 92 ಡಿಗ್ರಿ ಅಂತರಕ್ಕೆ ಕೊರೆಯಬೇಕು. ಹೊಸ ಗೇರು ತಂದಾಗ ಪ್ಲಾನೆಟ್ ಕೂರದಿದ್ದರೆ ಸುತ್ತಿಗೆ ಎತ್ತಿಕೊಳ್ಳಬೇಡಿ, ಹಲ್ಲು ಎಣಿಸಿ.

ಇನ್ನು ಭಾರದ ವಿಷಯ. ಸನ್‌ಗೆ 1,000 ನ್ಯೂಟನ್ ಮೀಟರ್ ಟಾರ್ಕ್ ಬರುತ್ತಿದೆ, ಹಲ್ಲಿನ ಗಾತ್ರ 3 ಮಾಡ್ಯೂಲ್, ಅಂದರೆ ಹಲ್ಲೊಂದಕ್ಕೆ 3 ಮಿ.ಮೀ. ಪಿಚ್ ವ್ಯಾಸ, ಎಂದು ಇಟ್ಟುಕೊಳ್ಳಿ. ಸನ್‌ನ ಪಿಚ್ ವ್ಯಾಸ 54 ಮಿ.ಮೀ., ರಿಂಗ್‌ನದು 216. ಸನ್‌ನ ಹಲ್ಲಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 37,000 ನ್ಯೂಟನ್, 50 ಕೆ.ಜಿ.ಯ 75 ಆಲೂಗಡ್ಡೆ ಮೂಟೆಯ ತೂಕ. ಒಂದೇ ಜೋಡಿ ಗೇರಾಗಿದ್ದರೆ ಅಷ್ಟೂ ಒಂದೇ ಕಡೆ ಬೀಳುತ್ತಿತ್ತು. ಇಲ್ಲಿ ಮೂರು ಕಡೆ ಹಂಚಿಹೋಗಿ ಒಂದೊಂದು ಕಚ್ಚಿನಲ್ಲಿ 25 ಮೂಟೆ. ಮೂರೂ ಕಡೆಯ ಪಕ್ಕದ ಒತ್ತಡ ಒಂದನ್ನೊಂದು ಕೊಂದುಕೊಳ್ಳುವುದರಿಂದ ಸನ್ ಶಾಫ್ಟ್ ಬಾಗುವುದಿಲ್ಲ, ಅದಕ್ಕೆ ದಪ್ಪ ಬೇರಿಂಗೂ ಬೇಕಿಲ್ಲ.

ಇದೇ ಐದರ ರೇಷಿಯೋವನ್ನು ಅಷ್ಟೇ ಅಗಲದ ಮಾಮೂಲಿ ಪಿನಿಯನ್, ಗೇರ್ ಜೋಡಿಯಲ್ಲಿ ತಂದು ನೋಡಿ. ಹಲ್ಲಿನ ಬುಡ ಮೂರು ಪಟ್ಟು ಹೊರೆ ತಡೆಯಬೇಕೆಂದರೆ ಮಾಡ್ಯೂಲ್ 3 ಸಾಲದು, 5.2ರ ಹತ್ತಿರ ಹೋಗಬೇಕು. ಆಗ 90 ಹಲ್ಲಿನ ದೊಡ್ಡ ಗೇರಿನ ವ್ಯಾಸವೇ 468 ಮಿ.ಮೀ., ಪಕ್ಕದಲ್ಲಿ ಪಿನಿಯನ್ ಬೇರೆ. ಪ್ಲಾನೆಟರಿಯಲ್ಲಿ 216ರ ರಿಂಗ್ ಒಳಗೇ ಎಲ್ಲ ಮುಗಿಯುತ್ತದೆ, ಹಾಗಾಗಿ ಚಕ್ರದ ರಿಮ್ಮಿನೊಳಗೆ ಕೂರುತ್ತದೆ. ಇನ್ನೊಂದು ಲಾಭ, ಟಾರ್ಕ್ ಐದು ಪಟ್ಟಾಗುವುದು ಕೊನೆಯಲ್ಲಿ, ಚಕ್ರದ ಪಕ್ಕದಲ್ಲಿ. ಡಿಫರೆನ್ಷಿಯಲ್‌ಗೂ ಆಕ್ಸಲ್ ಶಾಫ್ಟ್‌ಗೂ ಬರುವುದು ಐದರಲ್ಲಿ ಒಂದು ಪಾಲು ಮಾತ್ರ.

ಆದರೆ ಬಿಟ್ಟಿ ಏನೂ ಇಲ್ಲ. ಪ್ಲಾನೆಟ್ ಅನ್ನು ಒಂದು ಕಡೆ ಸನ್ ತಳ್ಳುತ್ತದೆ, ಇನ್ನೊಂದು ಕಡೆ ರಿಂಗ್ ಅಷ್ಟೇ ಬಲದಿಂದ ಅದೇ ದಿಕ್ಕಿಗೆ ತಳ್ಳುತ್ತದೆ. ಎರಡೂ ಸೇರಿ 50 ಮೂಟೆ ಬೀಳುವುದು ಹೆಬ್ಬೆರಳು ಗಾತ್ರದ ಪಿನ್ ಮತ್ತು ಅದರ ಸುತ್ತಲಿನ ನೀಡಲ್ ರೋಲರ್ ಮೇಲೆ. ಅಲ್ಲಿಗೆ ಎಣ್ಣೆ ತಲುಪುವುದೂ ಕಷ್ಟ. ಜೊತೆಗೆ ಪ್ಲಾನೆಟ್‌ನ ಹಲ್ಲು ಸನ್ ಕಡೆ ಒಂದು ಮುಖದಲ್ಲಿ, ರಿಂಗ್ ಕಡೆ ಇನ್ನೊಂದು ಮುಖದಲ್ಲಿ ಹೊರೆ ಹೊರುವುದರಿಂದ ಪ್ರತಿ ಸುತ್ತಿಗೂ ಅತ್ತ ಇತ್ತ ಬಾಗುತ್ತದೆ. ತಂತಿಯನ್ನು ಎರಡೂ ಕಡೆ ಬಾಗಿಸಿದರೆ ಬೇಗ ತುಂಡಾಗುವ ಹಾಗೆ.

ಮೂರು ಪಾಲು ಸಮ ಎಂಬುದೂ ಕಾಗದದ ಮಾತು. ಸನ್ ಸ್ವಲ್ಪ ಅಲ್ಲಾಡುವಂತೆ ಬಿಟ್ಟಿದ್ದರೆ ಅದು ತಾನಾಗಿ ಸರಿದು ಮೂರಕ್ಕೂ ಹೊರೆ ಹಂಚುತ್ತದೆ. ಆ ಆಟವನ್ನು ಸವೆತ ಎಂದುಕೊಂಡು ಬುಷ್ ಹಾಕಿ ಬಿಗಿ ಮಾಡುವವರಿದ್ದಾರೆ. ಅದಕ್ಕಿಂತ ಸಾಮಾನ್ಯವಾದ ತಪ್ಪು, ಒಂದು ಪ್ಲಾನೆಟ್ ಹಾಳಾಯಿತೆಂದು ಒಂದನ್ನೇ ಬದಲಿಸುವುದು. ಹಳೆಯ ಎರಡರ ಹಲ್ಲು ಸವೆದು ತೆಳುವಾಗಿರುತ್ತದೆ, ಹೊಸದು ದಪ್ಪ, ಹೊರೆಯ ದೊಡ್ಡ ಪಾಲು ಅದರ ಮೇಲೆಯೇ. ಮುಂದಿನ ಸಲ ಬಿಚ್ಚಿದಾಗ ಆ ಒಂದರ ಹಲ್ಲಿನಲ್ಲಿ ಮಾತ್ರ ಸಿಡುಬಿನ ಕಲೆಯಂಥ ಗುಳಿ ಕಂಡರೆ ಕಾರಣ ಇದೇ. ಮೂರನ್ನೂ ಒಂದೇ ಸೆಟ್‌ನಲ್ಲಿ, ಪಿನ್ ಮತ್ತು ನೀಡಲ್ ಸಮೇತ ಹಾಕಬೇಕು.

ಸಕಲೇಶಪುರದ ಕಡೆ ಕೇಜ್ ವೀಲ್ ಹಾಕಿ ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರುಗಳಿಗೆ ಇನ್ನೊಂದು ಕಾಟ. ಹಬ್ ಕೆಸರುನೀರಲ್ಲಿ ಮುಳುಗಿದಾಗ ಸೀಲ್ ಸೋತರೆ ಒಳಗೆ ನೀರು ಹೋಗುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ನೀರು ಸೇರಿದೆ. ಮೊದಲು ಸಾಯುವುದು ನೀಡಲ್ ರೋಲರ್. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣುಪು ಪುಡಿ ಇದ್ದರೆ ಮಾಮೂಲಿ ಸವೆತ. ಹೊಳೆಯುವ ಚೂರು ಅಥವಾ ಸೂಜಿಯ ತುಂಡು ಸಿಕ್ಕರೆ ಎಣ್ಣೆ ಬದಲಿಸಿ ಕಳಿಸುವಂತಿಲ್ಲ. ಹಬ್ ಬಿಚ್ಚಿ, ಒಂದೊಂದೇ ಪ್ಲಾನೆಟ್ ಅನ್ನು ಪಿನ್ ಮೇಲೆ ಅಲ್ಲಾಡಿಸಿ ನೋಡಬೇಕು.