ಎರಡೂ ತುದಿಯಲ್ಲಿ ಬಾಯಿ ತೆರೆದ ಇಂಟಿಗ್ರಲ್

ಸಂಖ್ಯಾತ್ಮಕ ಲೆಕ್ಕಾಚಾರ ಮಾಡುವ ಒಂದು ಲೈಬ್ರರಿಯನ್ನು ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಬಳಸುವವರು ಇಂಟಿಗ್ರಲ್ ಕೊಡುತ್ತಾರೆ, ನಮ್ಮ ಪ್ರೋಗ್ರಾಂ ಅದರ ಬೆಲೆ ಹೇಳುತ್ತದೆ. ಬೆಲೆ ಹೇಳುವ ಮೊದಲು ಅಂಥ ಬೆಲೆಯೊಂದು ಇದೆಯೇ ಎಂದು ನೋಡುವ ಸಣ್ಣ ತಪಾಸಣೆಯೊಂದು ಅದರಲ್ಲಿತ್ತು. ಬರೆದವನು ನಾನೇ. ಛೇದದಲ್ಲಿ x ಮತ್ತು (1−x) ಎಷ್ಟನೆಯ ಘಾತದಲ್ಲಿವೆ ಎಂದು ಅದು ಓದುತ್ತಿತ್ತು. ಯಾವುದಾದರೂ ಒಂದು ಘಾತ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಅಪಸರಣ’, ಅಂದರೆ ಬೆಲೆ ಇಲ್ಲ ಎಂದು ಹೇಳಿ ಬಾಗಿಲು ಮುಚ್ಚುತ್ತಿತ್ತು. ಬರೆದ ದಿನ ಬಹಳ ಚೊಕ್ಕಟವಾಗಿ ಕಂಡಿತ್ತು.

ಸ್ವಲ್ಪ ಕಾಲದ ಮೇಲೆ ಒಂದು ದೂರು ಬಂತು. ಈ ಇಂಟಿಗ್ರಲನ್ನು ನಿಮ್ಮ ಪ್ರೋಗ್ರಾಂ ತಿರಸ್ಕರಿಸುತ್ತಿದೆ, ಕೈಯಲ್ಲಿ ಲೆಕ್ಕ ಹಾಕಿದರೆ 2π ಬರುತ್ತಿದೆ ಎಂದು ಬರೆದಿದ್ದರು.

```
I = ∫₀¹ f(x) dx,   f(x) = −ln x / ( x^(1/2) · (1−x)^(3/2) )
```

ನಾನು ನೋಡಿದೊಡನೆ ಉತ್ತರ ಕೊಟ್ಟೆ: (1−x)ನ ಘಾತ 3/2, ಅದು 1ಕ್ಕಿಂತ ಹೆಚ್ಚು, ಆದ್ದರಿಂದ ಇಂಟಿಗ್ರಲ್ ಅಪಸರಿಸುತ್ತದೆ, ಪ್ರೋಗ್ರಾಂ ಸರಿಯಾಗಿಯೇ ಇದೆ. ಕಳುಹಿಸಿ ಐದು ನಿಮಿಷವಾಗಿರಲಿಲ್ಲ, ಪಕ್ಕದಲ್ಲಿ ಕೂರುವ ಸಹೋದ್ಯೋಗಿ ಪರದೆಯ ಕಡೆ ಬಗ್ಗಿ, “ಮೇಲಿರುವ ಲಾಗ್ 1ರ ಹತ್ತಿರ ಏನು ಮಾಡುತ್ತದೆ ಅಂತ ನೋಡಿದಿರಾ?” ಎಂದು ಕೇಳಿದರು. ನೋಡಿರಲಿಲ್ಲ.

x ಎಂಬುದು 1ಕ್ಕೆ ಹತ್ತಿರವಾದಾಗ −ln x ಸೊನ್ನೆಗೆ ಇಳಿಯುತ್ತದೆ, ಅದೂ (1−x)ನ ವೇಗದಲ್ಲಿಯೇ. ಹಾಗಾಗಿ ಛೇದದ 3/2ರಲ್ಲಿ ಒಂದು ಪೂರ್ತಿ ಘಾತವನ್ನು ಅಂಶದಲ್ಲಿರುವ ಲಾಗ್ ತೀರಿಸಿಬಿಡುತ್ತದೆ. ಉಳಿಯುವುದು 1/2 ಮಾತ್ರ. ಆ ತುದಿಯಲ್ಲಿ f ನಡೆದುಕೊಳ್ಳುವುದು (1−x)^(−1/2)ರಂತೆ. ಅನಂತಕ್ಕೆ ಏರುತ್ತದೆ, ನಿಜ. ಆದರೆ ಅದರ ಕೆಳಗಿನ ವಿಸ್ತೀರ್ಣಕ್ಕೆ ಮಿತಿಯಿದೆ. ನನ್ನ ತಪಾಸಣೆ ಛೇದವನ್ನಷ್ಟೇ ಓದಿತ್ತು, ಫಂಕ್ಷನ್ನನ್ನು ಓದಿರಲಿಲ್ಲ.

ಇನ್ನು ಎಡತುದಿ. ಅಲ್ಲಿ ಪಾತ್ರಗಳು ಅದಲುಬದಲು. x ಸೊನ್ನೆಗೆ ಹೋದಾಗ (1−x)^(3/2) ಹೆಚ್ಚುಕಡಿಮೆ 1, ಅದರಿಂದ ತೊಂದರೆಯಿಲ್ಲ. ಆದರೆ ಇನ್ನೊಂದು ತುದಿಯಲ್ಲಿ ನೆರವಿಗೆ ಬಂದ ಲಾಗ್ ಇಲ್ಲಿ ತಾನೇ ಅನಂತಕ್ಕೆ ಹೋಗಿ 1/√xಗೆ ಇನ್ನಷ್ಟು ಭಾರ ಹೇರುತ್ತದೆ. ಒಂದೇ ಲಾಗ್ ಒಂದು ತುದಿಯಲ್ಲಿ ಸಾಲ ತೀರಿಸುತ್ತದೆ, ಇನ್ನೊಂದು ತುದಿಯಲ್ಲಿ ಸಾಲ ಏರಿಸುತ್ತದೆ. ಆದ್ದರಿಂದಲೇ ಇಡೀ (0,1)ಕ್ಕೆ ಒಂದೇ ಹೋಲಿಕೆಯ ಫಂಕ್ಷನ್ ಹುಡುಕುತ್ತಾ ಕೂರದೆ, ನಡುವೆ ಎಲ್ಲಾದರೂ ಕತ್ತರಿಸಿ ಎರಡು ಇಂಟಿಗ್ರಲ್ ಮಾಡಿಕೊಳ್ಳಬೇಕು. ನಾನು 1/2ರಲ್ಲಿ ಕತ್ತರಿಸಿದೆ. 0.3ರಲ್ಲಿ ಕತ್ತರಿಸಿದರೂ ತೀರ್ಪು ಬದಲಾಗುವುದಿಲ್ಲ, ಮಧ್ಯೆ ಬರುವ ಸಂಖ್ಯೆಗಳು ಮಾತ್ರ ಬದಲಾಗುತ್ತವೆ.

ಎಡತುಂಡಿನಲ್ಲಿ ನಾನು ಅರ್ಧ ದಿನ ಕಳೆದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು f ಅನ್ನು x^(−1/2) ಜೊತೆ ಹೋಲಿಸಲು ಹೋದೆ. ಅದರ ಇಂಟಿಗ್ರಲ್ ಅಭಿಸರಿಸುತ್ತದೆ, ಅಂದರೆ ಒಂದು ನಿಶ್ಚಿತ ಬೆಲೆಗೆ ಬಂದು ನಿಲ್ಲುತ್ತದೆ. ಆದರೆ ಎರಡರ ಅನುಪಾತ −ln xನಂತೆ ಬೆಳೆಯುತ್ತಲೇ ಇರುವುದರಿಂದ f ≤ C·x^(−1/2) ಎಂದು ಹೇಳಲು ಯಾವ C ತೆಗೆದುಕೊಂಡರೂ ಸಾಲದು. ಹಾಗಾದರೆ ದೊಡ್ಡದನ್ನೇ ಹಿಡಿಯೋಣ ಎಂದು 1/x ಹಿಡಿದೆ. ಸೊನ್ನೆಯ ಹತ್ತಿರ f ಅದಕ್ಕಿಂತ ಸಲೀಸಾಗಿ ಕೆಳಗೆ ಕೂತಿತು. ಆದರೆ 1/xನ ಇಂಟಿಗ್ರಲ್ ತಾನೇ ಅಪಸರಿಸುತ್ತದೆ. ಅಪಸರಿಸುವುದಕ್ಕಿಂತ ಚಿಕ್ಕದು ಎಂದು ತೋರಿಸಿದರೆ ಏನನ್ನೂ ತೋರಿಸಿದಂತಾಗುವುದಿಲ್ಲ. ನಾನು ಪರಿಶೀಲಿಸುವ ಕೋಡ್ ಟಿಪ್ಪಣಿಗಳಲ್ಲಿ ಅತಿ ಹೆಚ್ಚು ಸಲ ಕಂಡಿರುವ ತಪ್ಪು ಇದೇ: ಅಸಮತೆ ಸರಿಯಾಗಿರುತ್ತದೆ, ದಿಕ್ಕು ನಿರುಪಯೋಗಿಯಾಗಿರುತ್ತದೆ.

ಬೇಕಾದದ್ದು 1/2 ಮತ್ತು 1ರ ನಡುವಿನ ಒಂದು ಘಾತ. ಎರಡನ್ನೂ ಮುಟ್ಟಬಾರದು. ಲಾಗ್ ಎಷ್ಟೇ ಬೆಳೆದರೂ xನ ಯಾವುದೇ ಋಣ ಘಾತಕ್ಕಿಂತ, ಆ ಘಾತ ಎಷ್ಟೇ ಚಿಕ್ಕದಿರಲಿ, ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ 1/2ರಿಂದ 1ರವರೆಗಿನ ಜಾಗದಲ್ಲಿ ಸ್ವಲ್ಪವನ್ನು ಲಾಗ್‌ಗೆ ಬಿಟ್ಟುಕೊಟ್ಟು ಉಳಿದದ್ದನ್ನು ನಾವು ಇಟ್ಟುಕೊಳ್ಳಬಹುದು. ನಾನು ಸರಿಯಾಗಿ ಅರ್ಧ ಬಿಟ್ಟುಕೊಟ್ಟು 3/4 ಆರಿಸಿದೆ. x^(1/4)·(−ln x) ಎಂಬ ಗುಣಲಬ್ಧ ಅತಿ ಹೆಚ್ಚಾಗುವುದು x = e^(−4)ರಲ್ಲಿ, ಅಂದರೆ ಸುಮಾರು 0.018ರಲ್ಲಿ. ಅಲ್ಲಿ ಅದರ ಬೆಲೆ 4/e, ಸುಮಾರು 1.47. ಆದ್ದರಿಂದ (0,1)ರಲ್ಲಿ ಎಲ್ಲ ಕಡೆ −ln x ≤ (4/e)·x^(−1/4). ಇತ್ತ x ≤ 1/2 ಇದ್ದಾಗ (1−x)^(−3/2) ಎಂಬುದು 2^(3/2) ಅನ್ನು, ಅಂದರೆ ಸುಮಾರು 2.83 ಅನ್ನು ಮೀರುವುದಿಲ್ಲ. ಎರಡನ್ನೂ ಗುಣಿಸಿದರೆ:

```
0 < x ≤ 1/2 :   f(x) ≤ 4.2 · x^(−3/4)
```

ಬಲಗಡೆಯದರ ಇಂಟಿಗ್ರಲ್ 4.2 × 4 × (1/2)^(1/4), ಸುಮಾರು 14.1. ಎಡತುಂಡು ಅಭಿಸರಿಸಿತು.

ಬಲತುಂಡು ಎರಡೇ ಸಾಲಿನಲ್ಲಿ ಮುಗಿಯುತ್ತದೆ. ln y ≤ y − 1 ಎಂಬ ಹಳೆಯ ಅಸಮತೆಯಲ್ಲಿ y = 1/x ಇಟ್ಟರೆ −ln x ≤ (1−x)/x ಸಿಗುತ್ತದೆ. x ≥ 1/2 ಆದ್ದರಿಂದ ಇದು 2(1−x) ಅನ್ನು ಮೀರುವುದಿಲ್ಲ, 1/√x ಕೂಡ √2 ಅನ್ನು ಮೀರುವುದಿಲ್ಲ. ಹೀಗೆ f ≤ 2√2·(1−x)^(−1/2), ಅದರ ಇಂಟಿಗ್ರಲ್ ಸರಿಯಾಗಿ 4. ಒಟ್ಟು ಇಂಟಿಗ್ರಲ್ 18.1ನ್ನು ಮೀರುವುದಿಲ್ಲ ಎಂದಾಯಿತು. ನಿಜವಾದ ಬೆಲೆ 2π, ಅಂದರೆ 6.283. ಇಷ್ಟು ಅಂತರ ಕಂಡು ನನಗೆ ಮೊದಲು ಮುಜುಗರವಾಯಿತು. ಆದರೆ ಹೋಲಿಕೆಯನ್ನು ಬೆಲೆ ಕೇಳಲು ಬಳಸುತ್ತಿಲ್ಲ, ಬೆಲೆ ಇದೆಯೇ ಎಂದು ಕೇಳಲು ಬಳಸುತ್ತಿದ್ದೇವೆ. ಆ ಪ್ರಶ್ನೆಗೆ 18.1 ಸಾಕು, 1800 ಬಂದಿದ್ದರೂ ಸಾಕಾಗುತ್ತಿತ್ತು.

2π ಎಲ್ಲಿಂದ ಬಂತು ಎಂದು ಕೇಳುವವರಿಗೆ: 1/(x^(1/2)·(1−x)^(3/2)) ಎಂಬುದು 2√(x/(1−x))ನ ಅವಕಲನ. ಭಾಗಶಃ ಅನುಕಲನ ಮಾಡಿದರೆ ತುದಿಯ ಪದಗಳು ಎರಡೂ ಕಡೆ ಸೊನ್ನೆಯಾಗುತ್ತವೆ, ಉಳಿಯುವುದು 1/√(x(1−x))ನ ಇಂಟಿಗ್ರಲ್‌ನ ಎರಡರಷ್ಟು. ಆ ಇಂಟಿಗ್ರಲ್ π.

ದೂರು ಕೊಟ್ಟವರಿಗೆ ಕ್ಷಮೆ ಕೇಳಿದ ಮೇಲೆ ನನಗೆ ಇನ್ನೊಂದು ಚಿಂತೆ ಹತ್ತಿತು. ಈ ತಪಾಸಣೆ ಒಳ್ಳೆಯದನ್ನು ಹೊರಗೆ ಹಾಕಿದೆ, ಸರಿ. ಕೆಟ್ಟದ್ದನ್ನು ಒಳಗೆ ಬಿಟ್ಟಿದೆಯೇ? ಬಳಸುವವರು ಬಯಸಿದರೆ ತಪಾಸಣೆಯನ್ನು ದಾಟಿ, ಬರೀ ಸಂಖ್ಯೆಗಳನ್ನು ನೋಡಿ ನಿರ್ಧರಿಸುವ ದಾರಿಯೂ ನಮ್ಮಲ್ಲಿತ್ತು. ಸರಳವಾದ ಮಧ್ಯಬಿಂದು ನಿಯಮ, ಬಿಂದುಗಳನ್ನು ಹೆಚ್ಚಿಸುತ್ತಾ ಹೋಗಿ ಉತ್ತರ ನಿಂತರೆ ಒಪ್ಪುವುದು:

```python
def midpoint(f, n):
    h = 1.0 / n
    return h * sum(f((k + 0.5) * h) for k in range(n))
```

ಮಧ್ಯಬಿಂದು ನಿಯಮ ತುದಿಗಳನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಸೊನ್ನೆಯಿಂದ ಭಾಗಿಸಿದ ದೋಷ ಎಂದೂ ಬರುವುದಿಲ್ಲ. ಕೇಳಿದ್ದಕ್ಕೆಲ್ಲ ಒಂದು ಸಂಖ್ಯೆ ಕೊಡುತ್ತದೆ. ನಮ್ಮ f ಮೇಲೆ ಇದನ್ನು ಓಡಿಸಿದರೆ ಸಾವಿರ ಬಿಂದುಗಳಿಗೆ 6.04, ಹತ್ತು ಸಾವಿರಕ್ಕೆ 6.19, ಲಕ್ಷಕ್ಕೆ 6.25. ಲಕ್ಷ ಬಿಂದುಗಳ ಮೇಲೂ ಎರಡನೆಯ ದಶಾಂಶ ಸ್ಥಾನ ತಪ್ಪು. ಆದರೆ ಏರಿಕೆಗಳು 0.16, ಆಮೇಲೆ 0.06 ಎಂದು ಕುಗ್ಗುತ್ತಿವೆ. ಛೇದದ 3/2ನ್ನು 2 ಮಾಡಿ ನೋಡಿದರೆ ಬಲತುದಿಯಲ್ಲಿ 1/(1−x) ಉಳಿಯುತ್ತದೆ, ಇಂಟಿಗ್ರಲ್ ಅಪಸರಿಸುತ್ತದೆ. ಬಿಂದುಗಳನ್ನು ಹತ್ತುಪಟ್ಟು ಮಾಡಿದಾಗಲೆಲ್ಲ ಉತ್ತರ ಸುಮಾರು 2.4 ಏರುತ್ತದೆ, ಮುಂದೆ ಹೋದಂತೆ ಆ ಏರಿಕೆ ln 10ಕ್ಕೆ, ಅಂದರೆ 2.303ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ಸೊನ್ನೆಯತ್ತ ಹೋಗುವುದಿಲ್ಲ. ಇಷ್ಟರ ಮಟ್ಟಿಗೆ ಸಂಖ್ಯೆಗಳು ಸುಳಿವು ಕೊಡುತ್ತವೆ.

ಕೊಡದಿರುವ ಸಂದರ್ಭವೂ ಇದೆ, ಅದನ್ನು ಸಹೋದ್ಯೋಗಿಯೇ ಕಾಗದದ ಮೇಲೆ ಬರೆದುಕೊಟ್ಟರು:

```
∫₀¹ (1 − 2x) / ( x(1−x) ) dx
```

ಓಡಿಸಿದೆ. ಹತ್ತು ಬಿಂದುಗಳಿಗೆ 0, ಸಾವಿರಕ್ಕೆ 0, ಲಕ್ಷಕ್ಕೂ 0. ಕೊನೆಯ ಅಂಕೆಗಳ ಕಸ ಬಿಟ್ಟರೆ ಅಲುಗಾಟವೇ ಇಲ್ಲ. ನಮ್ಮ ಪ್ರೋಗ್ರಾಂ ಇದಕ್ಕೆ ‘ಅಭಿಸರಿಸಿದೆ, ದೋಷ ನಗಣ್ಯ’ ಎಂದು ಮುದ್ರೆ ಒತ್ತಿತು. “ಈಗ ಅರ್ಧದಲ್ಲಿ ಕತ್ತರಿಸಿ” ಎಂದರು. 0 ಮತ್ತು 1/4ರ ನಡುವೆ 1−2x ಕನಿಷ್ಠ 1/2 ಇರುತ್ತದೆ, x(1−x) ಎಂಬುದು xಗಿಂತ ಕಡಿಮೆ. ಹಾಗಾಗಿ ಅಲ್ಲಿ ಫಂಕ್ಷನ್ 1/(2x)ಗಿಂತ ಹೆಚ್ಚು, 1/(2x)ನ ಇಂಟಿಗ್ರಲ್ ಅಪಸರಿಸುತ್ತದೆ. ಈ ಸಲ ಅಸಮತೆಯ ದಿಕ್ಕು ಉಪಯೋಗಕ್ಕೆ ಬಂತು. ಎಡತುಂಡಿಗೆ ಬೆಲೆಯಿಲ್ಲ, ಆದ್ದರಿಂದ ಇಡೀ ಇಂಟಿಗ್ರಲ್‌ಗೂ ಬೆಲೆಯಿಲ್ಲ. ಬಲತುಂಡು ಋಣ ಅನಂತಕ್ಕೆ ಹೋಗಿ ಇದನ್ನು ಸರಿದೂಗಿಸುತ್ತದೆ ಎನ್ನುವಂತಿಲ್ಲ.

ಏಕೆ ಎನ್ನುವಂತಿಲ್ಲ ಎಂಬುದು ನನಗೆ ಸ್ಪಷ್ಟವಾದದ್ದು ಎರಡು ತುದಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಕತ್ತರಿಸಿದಾಗ. ಎಡಕ್ಕೆ ε, ಬಲಕ್ಕೆ δ ಬಿಟ್ಟು ನಡುವಿನದನ್ನು ಲೆಕ್ಕ ಹಾಕಿದರೆ, ಎರಡೂ ಚಿಕ್ಕದಾಗುತ್ತಾ ಹೋದಂತೆ, ಉತ್ತರ ln(δ/ε)ನ ಹತ್ತಿರ ಬರುತ್ತದೆ. δ = ε ಆದರೆ 0. δ = 2ε ಆದರೆ 0.693. δ ಎಂಬುದು εನ ಹತ್ತನೆಯ ಒಂದು ಭಾಗವಾದರೆ −2.303. ಯಾವ ಉತ್ತರ ಬೇಕೋ ಅದನ್ನು ಬರಿಸಬಹುದು. ಮಧ್ಯಬಿಂದು ನಿಯಮ ಎರಡೂ ತುದಿಯಲ್ಲಿ ಸಮಾನ ಜಾಗ ಬಿಡುವುದರಿಂದ ಅದಕ್ಕೆ ಸೊನ್ನೆಯೊಂದೇ ಕಂಡಿತು. ಎರಡು ಮಿತಿಗಳನ್ನು ಒಂದರ ಹಂಗಿಲ್ಲದೆ ಇನ್ನೊಂದನ್ನು ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಓದುವ ಕಾಲದಲ್ಲಿ ಬಾಯಿಪಾಠ ಮಾಡಿದ್ದೆ. ಅದು ಯಾವುದನ್ನು ತಡೆಯಲು ಇದೆ ಎಂದು ಅಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೊಸ ತಪಾಸಣೆ ಈಗ ಪ್ರತಿ ತುದಿಯನ್ನೂ ಪ್ರತ್ಯೇಕವಾಗಿ ನೋಡುತ್ತದೆ. ತುದಿಯಿಂದ ದೂರ t ಎಂದಿಟ್ಟುಕೊಂಡು, ಇಡೀ ಫಂಕ್ಷನ್ನಿನ ನಿರಪೇಕ್ಷ ಬೆಲೆ tಯ ಯಾವ ಘಾತದಂತೆ ನಡೆಯುತ್ತದೆ ಎಂದು ಅಂಶ ಮತ್ತು ಛೇದ ಎರಡರಿಂದಲೂ ಲೆಕ್ಕ ಹಾಕುತ್ತದೆ. t^(−a)ಯಲ್ಲಿ a < 1 ಆದರೆ ಒಪ್ಪಿಗೆ, ಜೊತೆಗೆ ಲಾಗ್ ಎಷ್ಟು ಸಲ ಗುಣಿಸಿದ್ದರೂ ಒಪ್ಪಿಗೆ. ತುದಿಯ ಹತ್ತಿರ ಫಂಕ್ಷನ್ ಒಂದೇ ಚಿಹ್ನೆಯಲ್ಲಿದ್ದು a > 1 ಆದರೆ ನಿರಾಕರಣೆ. a ಸರಿಯಾಗಿ 1 ಆದಾಗ ಲಾಗ್ ಎಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಛೇದದಲ್ಲಿ (ln t)² ಇದ್ದರೆ 1/(t (ln t)²) ಅಭಿಸರಿಸುತ್ತದೆ, ಒಂದೇ ಲಾಗ್ ಇದ್ದರೆ ಅಪಸರಿಸುತ್ತದೆ. ಆ ಸಂದರ್ಭವನ್ನು ಪ್ರೋಗ್ರಾಂ ಮನುಷ್ಯರಿಗೆ ಒಪ್ಪಿಸುತ್ತದೆ. sin(1/t)ಯಂಥವು ಗುಣಿಸಿ ತುದಿಯಲ್ಲಿ ಚಿಹ್ನೆ ಬದಲಿಸುತ್ತಲೇ ಇರುವ ಫಂಕ್ಷನ್‌ಗಳಲ್ಲಿ a ≥ 1 ಬಂದರೂ ಹಾಗೆಯೇ, ಏಕೆಂದರೆ ಅಲ್ಲಿ ನಿರಪೇಕ್ಷ ಬೆಲೆಯ ಇಂಟಿಗ್ರಲ್ ಅಪಸರಿಸಿದರೂ ಮೂಲದ್ದು ಅಭಿಸರಿಸಬಹುದು. ಹೋಲಿಕೆಯ ಕೈ ಅಲ್ಲಿಗೆ ಎಟಕುವುದಿಲ್ಲ.

2π ಇನ್ನೂ ಒಂದು ಸಣ್ಣ ಕಾಟ ಕೊಟ್ಟಿತು. ತುದಿಗಳ ಬಳಿ ಬಿಂದುಗಳನ್ನು ದಟ್ಟವಾಗಿ ಇಡುವ ಒಳ್ಳೆಯ ವಿಧಾನಕ್ಕೆ ಬದಲಾಯಿಸಿದರೂ ಉತ್ತರ ಎಂಟನೆಯ ದಶಾಂಶದ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಕಾರಣ ಬಲತುದಿ: x ಎಂಬುದು 1ಕ್ಕೆ ಸುಮಾರು 10^(−16)ಗಿಂತ ಹತ್ತಿರ ಹೋದರೆ ಕಂಪ್ಯೂಟರ್ ಅದನ್ನು 1 ಎಂದೇ ಬರೆದುಕೊಳ್ಳುತ್ತದೆ. ಅಲ್ಲಿಂದಾಚೆ ಉಳಿದ ತುಣುಕಿನಲ್ಲಿ t^(−1/2)ನ ವಿಸ್ತೀರ್ಣ ಸುಮಾರು 2×10^(−8), ಅದಷ್ಟೂ ಕಳೆದುಹೋಗುತ್ತಿತ್ತು. ಬಲತುಂಡಿನಲ್ಲಿ xನ ಬದಲು tಯನ್ನೇ ಹಿಡಿದು, −ln x ಇರುವಲ್ಲಿ `-log1p(-t)` ಬರೆದ ಮೇಲೆ ಉಳಿದ ಅಂಕೆಗಳೂ ಬಂದವು.