390 ಹೆಕ್ಟೇರ್ ಎಲ್ಲಿ ಹೋಯ್ತು?

ಈ ವಾರ ನಮ್ಮ ಮೀಟಿಂಗಿನಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಹೊಸ ಹುಡುಗನೊಬ್ಬ ಭೂಬಳಕೆ ನಕ್ಷೆ ತೋರಿಸುತ್ತಿದ್ದ. ಬೆಳೆ, ಕಾಡು, ಕಟ್ಟಡ, ನೀರು ಅಂತ ನಾಲ್ಕು ವರ್ಗ. ನೋಡೋಕೆ ತುಂಬಾ ಚೆಂದ, ಒಂದು ಚುಕ್ಕೆಯೂ ಇಲ್ಲ. ಹಿರಿಯ ಮೇಡಂ ಕೆಳಗಿನ ಕೋಷ್ಟಕವನ್ನಷ್ಟೇ ನೋಡಿ, "ಉಳಿದ 390 ಹೆಕ್ಟೇರ್ ಎಲ್ಲಿ ಹೋಯ್ತಪ್ಪಾ?" ಅಂದರು.

ಅವರು ಲೆಕ್ಕ ಹಾಕಿದ್ದು ಬಾಯಲ್ಲೇ. ರಾಸ್ಟರ್ 1000ಕ್ಕೆ 1000 ಪಿಕ್ಸೆಲ್, ಪ್ರತಿ ಪಿಕ್ಸೆಲ್ 10 ಮೀಟರ್. ಅಂದರೆ ಒಂದು ಪಿಕ್ಸೆಲ್ 100 ಚದರ ಮೀಟರ್, ಒಟ್ಟು 10,000 ಹೆಕ್ಟೇರ್. ಕೋಷ್ಟಕದ ಮೊತ್ತ 9,610. ನನಗೆ ಈ ಮೇಡಂ ಮೇಲೆ ಸ್ವಲ್ಪ ಭಯ, ಜಾಸ್ತಿ ಗೌರವ. ನಕ್ಷೆಯ ಬಣ್ಣಕ್ಕೆ ಅವರು ಯಾವತ್ತೂ ಮರುಳಾಗುವುದಿಲ್ಲ.

ಹುಡುಗ ಮೊದಲು ರಾಸ್ಟರನ್ನು ಪಾಲಿಗಾನ್ ಮಾಡಿ, ಆಮೇಲೆ 1,000 ಚದರ ಮೀಟರಿಗಿಂತ ಚಿಕ್ಕದನ್ನೆಲ್ಲ ಆಯ್ದು ಅಳಿಸಿದ್ದ. ಅಳಿಸಿದ ಜಾಗ ಯಾವ ವರ್ಗಕ್ಕೂ ಸೇರಲಿಲ್ಲ, ಬರೀ ತೂತಾಗಿ ಉಳಿಯಿತು. ಪರದೆಯ ಮೇಲೆ ಪೂರ್ತಿ ಪ್ರದೇಶ ಕಾಣುವಾಗ ಅಷ್ಟು ಚಿಕ್ಕ ತೂತು ಕಣ್ಣಿಗೆ ಬೀಳಲ್ಲ. ಮೊತ್ತ ನೋಡಿದರಷ್ಟೇ ಗೊತ್ತಾಗುತ್ತದೆ.

ಅದಕ್ಕೇ ರಾಸ್ಟರ್ ಇರುವಾಗಲೇ ಚುಕ್ಕೆ ತೆಗೆದು, ಆಮೇಲೆ ಪಾಲಿಗಾನ್ ಮಾಡುವುದು ವಾಡಿಕೆ:

```
gdal_sieve.py -st 10 -4 varga.tif varga_s.tif
gdal_polygonize.py varga_s.tif -f GPKG varga.gpkg varga DN
```

ಮೊದಲ ಸಾಲು ಜರಡಿ ಇದ್ದಂತೆ: 10 ಪಿಕ್ಸೆಲ್‌ಗಿಂತ ಚಿಕ್ಕ ಗುಂಪನ್ನು ಹಿಡಿದು, ಅದರ ಪಕ್ಕದಲ್ಲಿರುವ ಗುಂಪುಗಳಲ್ಲಿ ಅತಿ ದೊಡ್ಡದರ ವರ್ಗವನ್ನು ಅದಕ್ಕೆ ಕೊಡುತ್ತದೆ. ಹಾಗಾಗಿ ತೂತು ಬೀಳುವುದಿಲ್ಲ. `-4` ಅಂದರೆ ಬದಿ ತಾಗಿದ ಪಿಕ್ಸೆಲ್‌ಗಳು ಮಾತ್ರ ಒಂದೇ ಗುಂಪು. ಇಲ್ಲಿ `-8` ಕೊಟ್ಟರೆ ಮೂಲೆ ತಾಗಿದವೂ ಒಂದೇ ಗುಂಪಾಗುತ್ತವೆ. ಎರಡನೇ ಸಾಲಿನಲ್ಲಿ ಅದನ್ನು ಕೊಡದಿದ್ದರೆ ಅವು ಮತ್ತೆ ಚೂರುಚೂರಾಗಿ ಬರುತ್ತವೆ. ಆಗ "ಚುಕ್ಕೆ ತೆಗೆದಿದ್ದೆನಲ್ಲ" ಅಂತ ತಲೆ ಕೆರೆದುಕೊಳ್ಳಬೇಕು.

ಹುಡುಗ ಅಲ್ಲೇ ಕೂತು ಮತ್ತೆ ಮಾಡಿದ. ಮೊತ್ತ ಸರಿಯಾಗಿ 10,000. ಅವನ ಮುಖ ಅರಳಿತು. ಮೇಡಂ ಮಾತ್ರ ಮತ್ತೆ ಅದೇ ರಾಗ: "ಸರಿ, ಈಗ ಎಲ್ಲಿ ಹೋಯ್ತು?"

ನಿಜವಾದ ತಲೆನೋವು ಇದು. ಚುಕ್ಕೆ ತೆಗೆಯುವ ಮೊದಲು ಬೆಳೆ 5,200, ಕಾಡು 2,900, ಕಟ್ಟಡ 1,560, ನೀರು 340 ಹೆಕ್ಟೇರ್ ಇತ್ತು. ಈಗ ಬೆಳೆ 5,390, ಕಾಡು 2,960, ಕಟ್ಟಡ 1,400, ನೀರು 250. ಮೊತ್ತ ಹೊಂದಿತು, ಆದರೆ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೆಳೆಗೋ ಕಾಡಿಗೋ ಸೇರಿಹೋಯಿತು. ಐದು ಪಿಕ್ಸೆಲ್‌ನ ಹೊಂಡವೊಂದು ಹೊಲದ ನಡುವೆ ಇದ್ದರೆ ಅದು ಹೊಲವೇ ಆಗಿಬಿಡುತ್ತದೆ. ಹೊಲದ ಚೂರೂ ನೀರಾಗಬಹುದು, ಆದರೆ ಅದಕ್ಕೆ ದೊಡ್ಡ ಕೆರೆಯೇ ಪಕ್ಕದಲ್ಲಿರಬೇಕು. ಚದುರಿದ ವರ್ಗ ಕರಗುತ್ತದೆ, ಹರಡಿಕೊಂಡ ವರ್ಗ ಬೆಳೆಯುತ್ತದೆ. ಒಂದೊಂದು ಚುಕ್ಕೆಗೆ 500 ಚದರ ಮೀಟರ್ ಅಂದರೆ ಏನೂ ಅಲ್ಲ, ಆದರೆ ಎಲ್ಲವೂ ಒಂದೇ ಕಡೆ ವಾಲುತ್ತವಲ್ಲ, ಅದು ತೊಂದರೆ.

ಯಾರೋ ನಡುವೆ ಬಾಯಿ ಹಾಕಿ, ತಮ್ಮ ಕ್ಯೂಜಿಐಎಸ್‌ನಲ್ಲಿ ಮೊತ್ತ 10,008 ಬರುತ್ತಿದೆ ಅಂದರು. ಅದು ಬೇರೆ ವಿಷಯ. `$area` ಭೂಮಿಯ ಉಬ್ಬನ್ನು ಲೆಕ್ಕಕ್ಕೆ ತಗೊಳ್ಳುತ್ತದೆ, `area($geometry)` ನಕ್ಷೆಯ ಸಮತಲದಲ್ಲೇ ಅಳೆಯುತ್ತದೆ. ಯುಟಿಎಂ ವಲಯದ ಮಧ್ಯರೇಖೆಯ ಹತ್ತಿರ ಅಳತೆ 0.9996ಕ್ಕೆ ಕುಗ್ಗಿರುತ್ತದೆ, ವಿಸ್ತೀರ್ಣಕ್ಕೆ ಅದರ ವರ್ಗ. ಹತ್ತು ಸಾವಿರಕ್ಕೆ ಎಂಟು ಅಂದರೆ ಗಾಬರಿಯಾಗಬೇಕಿಲ್ಲ. ನೀರು 90 ಹೆಕ್ಟೇರ್ ಕಡಿಮೆಯಾಗಿದ್ದಕ್ಕೆ ಸುಮ್ಮನಿದ್ದವರು ಈ ಎಂಟಕ್ಕೆ ಇಷ್ಟು ಹೊತ್ತು ವಾದ ಮಾಡಿದರು, ಏನು ಹೇಳೋಣ.

ಹಾಗಂತ ಚುಕ್ಕೆಗಳೆಲ್ಲ ನಿಜವೂ ಅಲ್ಲ. ಕಟ್ಟಡದ ನೆರಳು ಎಷ್ಟೋ ಸಲ ನೀರಿನ ವರ್ಗಕ್ಕೆ ಬಿದ್ದಿರುತ್ತದೆ. ಅಂಥದ್ದು ಹೋದರೆ ಒಳ್ಳೆಯದೇ. ನಿಜವಾದ ಹೊಂಡ ಹೋದರೆ ನಷ್ಟ. ಎರಡೂ ಐದೇ ಪಿಕ್ಸೆಲ್, ಜರಡಿಗೆ ವ್ಯತ್ಯಾಸ ಗೊತ್ತಿಲ್ಲ. ಯುರೋಪಿನ ಕೊರಿನ್ ಭೂಹೊದಿಕೆ ನಕ್ಷೆಯವರು 25 ಹೆಕ್ಟೇರಿಗಿಂತ ಚಿಕ್ಕದನ್ನು ಬೇರೆಯಾಗಿ ತೋರಿಸುವುದಿಲ್ಲ, ಆದರೆ ಆ ಮಿತಿಯನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಾರೆ. ನಮ್ಮಲ್ಲಿ ಎಷ್ಟೋ ವರದಿಗಳಲ್ಲಿ ಆ ಒಂದು ಸಾಲು ಇರುವುದೇ ಇಲ್ಲ. ಓದುವವರು ನೀರು 250 ಅಂತಲೇ ನಂಬುತ್ತಾರೆ. ಯಾವುದು ಲೆಕ್ಕಕ್ಕೆ ಬರುವಷ್ಟು ದೊಡ್ಡದು ಅಂತ ಯಾರು ತೀರ್ಮಾನಿಸಿದರು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಕೊನೆಗೆ ನಕ್ಷೆಗೆ ಜರಡಿ ಹಿಡಿದ ಪಾಲಿಗಾನ್, ಕೋಷ್ಟಕಕ್ಕೆ ಮೂಲ ರಾಸ್ಟರಿನ ಪಿಕ್ಸೆಲ್ ಎಣಿಕೆ ಮತ್ತು ಜರಡಿ ನಂತರದ ಅಂಕಿ ಎರಡೂ ಅಂತಾಯಿತು. ನೀರಿನ ಚಿಕ್ಕ ಚುಕ್ಕೆಗಳಲ್ಲಿ ಕೆಲವನ್ನು ಯಾದೃಚ್ಛಿಕವಾಗಿ ಆಯ್ದು, ಹೆಚ್ಚು ಸ್ಪಷ್ಟ ಚಿತ್ರದ ಮೇಲಿಟ್ಟು ಹೊಂಡವೋ ನೆರಳೋ ಅಂತ ನೋಡುವ ಕೆಲಸ ಹುಡುಗನಿಗೆ ಬಿತ್ತು. ಎರಡು ಅಂಕಿ ಕೊಟ್ಟರೆ ಓದುವವರಿಗೆ ಗೊಂದಲ ಅಂತ ಅವನು ಇನ್ನೂ ಗೊಣಗುತ್ತಿದ್ದಾನೆ.