ಮೆತ್ತನೆಯ ಶೂ, ಗಟ್ಟಿಯಾದ ಶೂ, ನನ್ನ ಮಂಡಿ

ವಾಕಿಂಗ್ ಬಿಡೋಕೆ ನನಗೆ ಇಷ್ಟವಿಲ್ಲ, ನನ್ನನ್ನು ಬಿಡೋಕೆ ಮಂಡಿ ನೋವಿಗೆ ಇಷ್ಟವಿಲ್ಲ. ದುಬಾರಿ ಶೂಗೆ ಕೈ ಹಾಕುವ ಮನಸ್ಸಿರಲಿಲ್ಲ. ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಜೊತೆ ತಂದು, ಒಂದೇ ರಸ್ತೆಯಲ್ಲಿ ಅದಲು ಬದಲು ಹಾಕಿಕೊಂಡು ನಡೆದೆ.

ಮೊದಲನೆಯದು ಹಗುರ, ಮೇಲೆ ಹೆಣಿಗೆ ಬಟ್ಟೆ, ಒಳಗೆ ಮೆಮೊರಿ ಫೋಮ್. ಕಾಲಿಟ್ಟ ಕೂಡಲೇ ಹಾಯ್ ಅನ್ನಿಸುತ್ತೆ. ಅರ್ಧ ದಾರಿ ಸಾಗುವಷ್ಟರಲ್ಲಿ ಹಿಮ್ಮಡಿ ನೆಲಕ್ಕೇ ಬಡಿದ ಹಾಗಾಗುತ್ತಿತ್ತು. ಈ ಫೋಮ್ ಭಾರಕ್ಕೆ ನಿಧಾನವಾಗಿ ತಗ್ಗುತ್ತೆ, ಮುಂದಿನ ಹೆಜ್ಜೆಯ ಹೊತ್ತಿಗೆ ಪೂರ್ತಿ ಎದ್ದಿರೋದಿಲ್ಲ. ಅದರ ಕೆಳಗಿನ ನಡುಪದರ ದಪ್ಪಗಿದ್ದಿದ್ದರೆ ಪರವಾಗಿರಲಿಲ್ಲ, ಇದರಲ್ಲಿ ಅದೂ ತೆಳು. ಶೂವನ್ನು ಎರಡೂ ತುದಿ ಹಿಡಿದು ತಿರುಚಿದರೆ ಒದ್ದೆ ಟವೆಲ್ ಹಿಂಡಿದ ಹಾಗೆ ತಿರುಗುತ್ತಿತ್ತು.

ಎರಡನೆಯದು ಅಷ್ಟೇನೂ ಚಂದವಿಲ್ಲ, ತೂಕವೂ ಜಾಸ್ತಿ, ಒಳಗೆ ಕಾಲು ಬೆವರುತ್ತೆ. ಆದರೆ ಹಿಮ್ಮಡಿಯ ಗೋಡೆಯನ್ನು ಹೆಬ್ಬೆರಳಿಂದ ಒತ್ತಿದರೆ ಕುಸಿಯಲ್ಲ. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಮಾತ್ರ ಬಗ್ಗುತ್ತೆ, ಮಧ್ಯದಲ್ಲಿ ಅಲ್ಲ. ನಡುಪದರ ದಪ್ಪನೆಯ ಇವಿಎ, ಅಂದರೆ ಚಪ್ಪಲಿಯ ಅಡಿಗೂ ಬಳಸುವ ರಬ್ಬರಿನಂಥ ಹಗುರ ಫೋಮ್. ಶುರುವಿನಲ್ಲಿ ಹಿಮ್ಮಡಿಗೆ ಬೊಬ್ಬೆ ಎದ್ದದ್ದೂ ನಿಜ.

ಯಾವುದು ವಾಸಿ ಅಂತ ನಡೆಯುವಾಗ ಗೊತ್ತಾಗಲ್ಲ, ಮೈ ಬಿಸಿಯಾದಾಗ ಮಂಡಿ ಸುಮ್ಮನಿರುತ್ತೆ. ಮಧ್ಯಾಹ್ನ ಮೆಟ್ಟಿಲು ಇಳಿಯುವಾಗ ನೋಡಬೇಕು, ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನೋಡಬೇಕು. ಹಗುರ ಶೂ ಹಾಕಿದ ದಿನ ಇಳಿಯುವಾಗ ಚಿಪ್ಪಿನ ಹಿಂದೆ ಚುಳುಕ್ ಅನ್ನೋದು, ಗಟ್ಟಿ ಶೂ ದಿನ ಕಮ್ಮಿ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲೂ, ಮಂಡಿ ಸವೆದವರಿಗೆ ಚಪ್ಪಟೆಯಾದ, ಸಲೀಸಾಗಿ ಬಗ್ಗುವ ಶೂಗಿಂತ ಗಟ್ಟಿಯಾಗಿ ಆಧಾರ ಕೊಡುವ ಶೂನಿಂದ ನಡೆಯುವಾಗಿನ ನೋವು ಹೆಚ್ಚು ಇಳಿದಿತ್ತು. ಹಾಗಂತ ಎಲ್ಲರ ಕಾಲೂ ಒಂದೇ ಅಲ್ಲ. ಮಂಡಿ ಊದಿದರೆ, ಅಥವಾ ಮಡಚಿದಲ್ಲೇ ಸಿಕ್ಕಿಕೊಂಡರೆ, ಶೂ ಬದಲಾಯಿಸುತ್ತಾ ಕೂರದೆ ಡಾಕ್ಟರ್ ಹತ್ತಿರ ಹೋಗಬೇಕು.

ಕೆಲವು ವಾರ ಕಳೆದ ಮೇಲೆ ಎರಡನ್ನೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದೆ. ಹಗುರ ಶೂನ ಹಿಮ್ಮಡಿ ಒಳಗಡೆಗೆ ವಾಲಿತ್ತು, ಆ ಬದಿಯ ಫೋಮ್‌ನಲ್ಲಿ ಅಡ್ಡ ಸುಕ್ಕುಗಳು. ಪಾದ ಒಳಕ್ಕೆ ಹೊರಳಿದರೆ ಮೊಣಕಾಲ ಕೆಳಗಿನ ಮೂಳೆಯೂ ಜೊತೆಗೆ ತಿರುಗುತ್ತೆ, ಆ ಎಳೆತ ಮಂಡಿಗೆ ತಟ್ಟುತ್ತೆ. ಇನ್ನೊಂದು ನೆಟ್ಟಗೆ ನಿಂತಿತ್ತು.

ಗಟ್ಟಿ ಶೂ ಕೊಳ್ಳುವವರು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ವಾಕಿಂಗ್‌ಗೆ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದ್ದರೆ ಲೇಸನ್ನು ಎಲ್ಲರೂ ಖಾಲಿ ಬಿಡುವ ಆ ಕೊನೆಯ ತೂತಿಗೂ ಪೋಣಿಸಿ ಕಟ್ಟಿ. ನನಗೆ ಬೊಬ್ಬೆ ನಿಂತದ್ದು ಅದರಿಂದಲೇ.